ಶಾಯಿಗೆ ಬಾರದ ವೃತ್ತ

ಇದನ್ನು ಹೇಳಲೆಂದು ಎಷ್ಟೋ ಸಲ ಕುಳಿತು, ಹೇಳದೆ ಎದ್ದಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಮೆಟ್ರಿಕ್ ಮುಗಿಸಿ ದೊಡವಾಡದಿಂದ ಬೆಂಗಳೂರಿಗೆ ಹೋದ ನಾನು ಕಂಪ್ಯೂಟರ್ ತಯಾರಿಸುವ ಪ್ರಯೋಗಾಲಯವೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ನಮ್ಮ ಸೀಮೆಯದೇ ಆದ ಮನೋಳಿ ಕಡೆಯ ಎಂಜಿನಿಯರ್ ಒಬ್ಬರು, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಯಂತ್ರದ ನಿಯಂತ್ರಣದ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ನಾನು ಅದರ ಮೇಲೆ ಶಾಯಿ ಎಳೆದು ಪೆನ್ಸಿಲ್ ಅಳಿಸಿದೆ. ಮುಖ್ಯಸ್ಥರು ಮೆಚ್ಚಿದರೆ ಮಾತ್ರ ಆ ಕೆಲಸ ಅಕ್ಕನಿಗೆ ಉಳಿಯುತ್ತಿತ್ತು.

ಆ ಚಿತ್ರವೆಂದರೆ ಬಾಣಗಳಿಂದ ಜೋಡಿಸಿದ ವೃತ್ತಗಳು; ಒಂದು ವೃತ್ತವೆಂದರೆ ಒಂದು ಕ್ಲಾಕ್, ಯಂತ್ರದ ಒಂದು ಮಿಡಿತ. ಆದೇಶ ತರುವ ಮೊದಲ ವೃತ್ತದಿಂದ ಹೊರಟು ಮತ್ತೆ ಅಲ್ಲಿಗೆ ಮರಳುವವರೆಗೆ ದಾಟುವ ವೃತ್ತಗಳನ್ನು ಎಣಿಸಿದರೆ, ಆ ಬಗೆಯ ಆದೇಶಕ್ಕೆ ಬೇಕಾದ ಕ್ಲಾಕ್ ಸಿಗುತ್ತದೆ. ಮೆಮೊರಿಗೆ ಬರೆಯಲು ನಾಲ್ಕು. ಮೆಮೊರಿಯಿಂದ ಓದಲು ಐದು, ಏಕೆಂದರೆ ಓದಿದ್ದನ್ನು ರಿಜಿಸ್ಟರಿನಲ್ಲಿ, ಅಂದರೆ ಯಂತ್ರದೊಳಗಿನ ಪುಟ್ಟ ಕೋಶದಲ್ಲಿ, ಇಡಲು ಇನ್ನೊಂದು ಬೇಕು. ಪಕ್ಕದಲ್ಲಿದ್ದ ಬರೆಯುವ ದಾರಿಯನ್ನು ನೋಡಿಕೊಂಡು, ಓದುವ ದಾರಿಯ ಬಾಣವನ್ನೂ ನೇರ ಮೊದಲ ವೃತ್ತಕ್ಕೆ ತಿರುಗಿಸಿದ ನಾನು ಆ ಕೊನೆಯ ವೃತ್ತವನ್ನೇ ಬಿಟ್ಟಿದ್ದೆ.

ಸಭೆಯಲ್ಲಿ ಮುಖ್ಯಸ್ಥರು ನಕ್ಷೆಯ ಮೇಲೆ ಬೆರಳಿಟ್ಟು ಎಣಿಸಿ ಅಕ್ಕನನ್ನು ಕೇಳಿದರು. "ನಿಮ್ಮ ವರದಿಯಲ್ಲಿ ಐದು, ಇಲ್ಲಿ ನಾಲ್ಕು. ಓದಿದ್ದು ಎಲ್ಲಿಗೆ ಹೋಗುತ್ತಮ್ಮ, ಗಾಳಿಗಾ?"

ಎಲ್ಲರೂ ನಕ್ಕರು. ಅಕ್ಕ ನನ್ನತ್ತ ತಿರುಗಿದರು.

"ತಮ್ಮಾ, ನಾ ಪೆನ್ಸಿಲಿನಾಗ ಬರೆದದ್ದರಾಗ ಆ ವೃತ್ತ ಇತ್ತಲ್ಲೋ?"

ಕೆಲಸ ಹೋದರೆ ಊರಿಗೆ ಯಾವ ಮುಖ ಹೊತ್ತು ಹೋಗಲಿ?

"ಇದ್ದಿಲ್ರಿ, ಅಕ್ಕಾರ."

ಮರುದಿನವೇ ಆ ಕೆಲಸ ಬೇರೆಯವರ ಮೇಜಿಗೆ ಹೋಯಿತು. ಅಕ್ಕ ಪ್ರಯೋಗಾಲಯ ಬಿಡುವವರೆಗೂ ನನ್ನನ್ನು ತಮ್ಮಾ ಎಂದೇ ಕರೆದರು. ನಾನು ಕ್ಷಮೆ ಕೇಳದೆ ಉಳಿದದ್ದು ಅವರನ್ನೇ, ಮನೋಳಿಯ ಆ ಅಕ್ಕನನ್ನು.