‘ನೇಪಾಳಕ್ಕ ಏನೂ ಬೇಕಾಗಿಲ್ಲ’

ನನ್ನ ಚಿಗವ್ವ ಅಕ್ಕವ್ವ ಹದಿನೈದು ವರ್ಷ ಖಾನಾಪುರದಿಂದ ಬೆಳಗಾವಿಗೆ ದಿನಾಲೂ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬಂದವಳು. ೧೯೭೪ರಲ್ಲಿ ಅವಳ ಗಂಡ, ನಮ್ಮ ಕಾಕಾ ಕಲ್ಲಯ್ಯ ತೀರಿಕೊಂಡ ಮೇಲೆ, ಅವನು ಕಾರಕೂನನಾಗಿದ್ದ ಕಾಲೇಜಿನವರು ಆ ಕುರ್ಚಿಯನ್ನು ಅವಳಿಗೆ ಕೊಟ್ಟರು. ಕುರ್ಚಿಯ ಜೊತೆಗೆ ಯಾರಿಗೂ ಬೇಡವಾಗಿದ್ದ ಒಂದು ಕಪಾಟೂ ಬಂತು. ಅದರಲ್ಲಿ ಪರದೇಶದ ಹುಡುಗರ ಫೈಲುಗಳಿದ್ದವು.

ಅವು ಯಾರಿಗೂ ಬೇಡವಾಗಲು ಕಾರಣ ಪೊಲೀಸರು. ಹೊರದೇಶದಿಂದ ಓದಲು ಬಂದ ಪ್ರತಿಯೊಬ್ಬನೂ ಎಸ್ಪಿ ಕಚೇರಿಯ ಫಾರಿನರ್ಸ್ ಸೆಕ್ಷನ್ನಿನಲ್ಲಿ ಹೆಸರು ಬರೆಸಬೇಕಿತ್ತು. ಅಲ್ಲಿ ಅವನಿಗೊಂದು ನೋಂದಣಿ ಪುಸ್ತಕ, ಒಂದು ವರ್ಷದ ವಾಸದ ಪರ್ಮಿಟ್ ಸಿಗುತ್ತಿದ್ದವು. ವರ್ಷ ಮುಗಿಯುವ ಮುಂಚೆ ಪರ್ಮಿಟ್ ಮುಂದುವರಿಸಲು ಕಾಲೇಜಿನ ದಾಖಲೆ ಪತ್ರವೂ ಹಾಜರಿ ಪತ್ರವೂ ಬೇಕು. ಹಾಜರಿ ನೂರಕ್ಕೆ ಎಪ್ಪತ್ತೈದಕ್ಕಿಂತ ಕೆಳಗಿದ್ದರೆ, ಈ ಹುಡುಗ ಓದಲು ಬಂದವನೋ ಬೇರೆ ಯಾವುದಕ್ಕೋ ಎಂದು ಕೇಳಿ ಕಾಗದ ಬರುತ್ತಿತ್ತು. ಉತ್ತರ ಬರೆಯುವವಳು ಅಕ್ಕವ್ವ. ಆದರೆ ಆ ಕಚೇರಿಯ ಒಳಗೆ ಅವಳು ಕಾಲಿಟ್ಟಿರಲಿಲ್ಲ. ಖಾಕಿ ಕಂಡರೆ ಅವಳ ಬಾಯಿ ಒಣಗುತ್ತಿತ್ತು. ಕಾಗದಗಳನ್ನೆಲ್ಲ ಕಾಲೇಜಿನ ಸಿಪಾಯಿ ಬಂಡೆಪ್ಪನ ಕೈಯಲ್ಲಿ ಕಳಿಸುತ್ತಿದ್ದಳು.

೧೯೮೬ರ ದಸರೆಗೆ ಮುಂಚೆ ಪರೀಕ್ಷೆಯ ಅರ್ಜಿಗಳ ಗದ್ದಲದ ನಡುವೆ ಸುಡಾನಿನ ಇದ್ರಿಸ್ ಎಂಬ ಹುಡುಗ ಅವಳ ಮೇಜಿನ ಹತ್ತಿರ ಬಂದು ನಿಂತ. ಬಿ.ಕಾಂ. ಎರಡನೆಯ ವರ್ಷದವನು. ಆಗಸ್ಟ್‌ನಲ್ಲಿ ಕಾಮಣಿ ಆಗಿ, ಕಣ್ಣು ಹಳದಿಯಾಗಿ ಎರಡು ವಾರ ಮಲಗಿದ್ದ. ಹಾಗಾಗಿ ಹಾಜರಿ ಎಪ್ಪತ್ತೆಂಟರ ಹತ್ತಿರ ಇತ್ತು, ಅಷ್ಟೇ. ಎರಡು ವರ್ಷದಲ್ಲಿ ಅವನು ಹಿಂದಿ, ಕನ್ನಡ ಕೂಡಿಸಿ ಮಾತಾಡಲು ಕಲಿತಿದ್ದ.

“ಬಾಯಾರ, ರಜಾದಾಗ ಕಠ್ಮಂಡು ಹೋಗ್ತೀನಿ. ಕುವೈತಿನಿಂದ ಅಣ್ಣ ಅಲ್ಲಿಗೆ ಬರ್ತಾನ. ಅಂವನ್ನ ನೋಡಿ ನಾಲ್ಕು ವರ್ಷ ಆತು. ಏನರ ಕಾಗದ ಬೇಕಾ?”

ಅಕ್ಕವ್ವ ಅರ್ಜಿಗಳಿಂದ ತಲೆ ಎತ್ತಲಿಲ್ಲ. “ನೇಪಾಳಕ್ಕ ಏನೂ ಬೇಕಾಗಿಲ್ಲೋ ತಮ್ಮಾ. ನಮ್ಮ ಖಾನಾಪುರದ ಮಂದಿ ಪಶುಪತಿನಾಥಗ ಹಂಗ ಹೋಗಿ ಬರ್ತಾರ. ಕಾಲೇಜ್ ಚಾಲೂ ಆಗೂದರಾಗ ಬಾ, ಅಷ್ಟ.”

ಹುಡುಗ ಎದೆಯ ಮೇಲೆ ಕೈಯಿಟ್ಟು ನಕ್ಕು ಹೋದ.

ದೀಪಾವಳಿ ಮುಗಿದು ಕಾಲೇಜು ಶುರುವಾದ ಎರಡನೆಯ ದಿನ ತಂತಿ ಬಂತು. ಇದ್ರಿಸ್ ಕಠ್ಮಂಡುವಿನಲ್ಲಿ ಸಿಕ್ಕಿಬಿದ್ದಿದ್ದ. ಅವನ ಭಾರತದ ವೀಸಾ ಒಂದೇ ಸಲ ಒಳಗೆ ಬರಲು ಕೊಟ್ಟದ್ದು. ಆ ಒಂದು ಸಲ ಅವನು ಮೊದಲು ಓದಲು ಬಂದಾಗಲೇ ಮುಗಿದಿತ್ತು. ಇಷ್ಟು ದಿನ ಅವನು ಇದ್ದದ್ದು ಪರ್ಮಿಟ್ಟಿನ ಬಲದ ಮೇಲೆ. ರಕ್ಸೌಲ್ ಗಡಿಯಲ್ಲಿ ಪಾಸ್‌ಪೋರ್ಟಿಗೆ ಹೊರಹೋದ ಮುದ್ರೆ ಒತ್ತಿ, ನೋಂದಣಿ ಪುಸ್ತಕವನ್ನೂ ಅಲ್ಲೇ ಇಟ್ಟುಕೊಂಡಿದ್ದರು. ಇನ್ನು ಹೊಸ ವೀಸಾ ಇಲ್ಲದೆ ಅವನು ಗಡಿ ದಾಟಿ ಈಚೆ ಬರುವಂತಿರಲಿಲ್ಲ. ಅಲ್ಲಿನ ಭಾರತದ ರಾಯಭಾರ ಕಚೇರಿಯವರು ಕಾಲೇಜಿನ ಪತ್ರ ಕೇಳಿದ್ದರು. ಬೆಳಗಾವಿ ಪೊಲೀಸರ ಒಪ್ಪಿಗೆಯೂ ಬೇಕೆಂದಿದ್ದರು. ನೇಪಾಳದ ವೀಸಾ ಸಹ ಮುಗಿಯುತ್ತ ಬಂದಿತ್ತು.

ಅಕ್ಕವ್ವ ತಂತಿಯನ್ನು ಮೂರು ಸಲ ಓದಿದಳು. ಆಮೇಲೆ ಎದ್ದು ಕಪಾಟು ತೆಗೆದು ಹಳೆಯ ಫೈಲೊಂದನ್ನು ಹುಡುಕಿದಳು. ಹಿಂದೆ ಇನ್ನೊಬ್ಬ ಹುಡುಗ ತಂದೆ ತೀರಿಕೊಂಡಾಗ ತನ್ನ ದೇಶಕ್ಕೆ ಹೋಗಿ ಬಂದಿದ್ದ. ಹೋಗುವ ಮುಂಚೆ ಅವನು ಎಸ್ಪಿ ಕಚೇರಿಗೆ ಅರ್ಜಿ ಹಾಕಿ, ಮರಳಿ ಬರಲು ಅಭ್ಯಂತರವಿಲ್ಲ ಎಂಬ ಷರಾ ಪಾಸ್‌ಪೋರ್ಟಿನಲ್ಲಿ ಬರೆಸಿಕೊಂಡಿದ್ದ. ಆ ಅರ್ಜಿಯ ಜೊತೆಗಿನ ರಜೆಯ ತಾರೀಖುಗಳ ಪತ್ರವನ್ನು ಟೈಪು ಮಾಡಿದವಳು ಅವಳೇ. ಅದು ಸ್ವಂತ ದೇಶಕ್ಕೆ ಹೋಗುವವರಿಗೆ ಮಾತ್ರ ಎಂದು ತಿಳಿದಿದ್ದಳು. ಏನೂ ಇಲ್ಲದೆ ನೇಪಾಳಕ್ಕೆ ಹೋಗಿ ಬರುವುದು ಭಾರತದವರಿಗೆ, ಇದ್ರಿಸನಿಗಲ್ಲ ಎಂಬುದು ಅವಳಿಗೆ ಆ ಹೊತ್ತಿಗೆ ಹೊಳೆಯಿತು.

ಬಾಗಿಲಲ್ಲಿದ್ದ ಬಂಡೆಪ್ಪ ತಮಾಷೆಗೆ, “ಫಾರಿನ್ ಹುಡುಗನ ಕೇಸ್ ಅಂದ್ರ ಸಿ.ಐ.ಡಿ. ಬರ್ತಾರ್ರೀ ಬಾಯಾರ. ಯಾರರ ಒಬ್ರು ಹಿಂಡಲಗಾಕ ಹೋಗೂದ ಸೈ,” ಎಂದ. ಜೈಲಿನ ಹೆಸರು ಕೇಳಿದ್ದೇ ಅವಳು ತಂತಿ ಹಿಡಿದು ಮೇಲಿನವರ ಹತ್ತಿರ ಹೋದಳು.

ಕಚೇರಿಯ ಸೂಪರಿಂಟೆಂಡೆಂಟ್ ಚನ್ನಬಸಯ್ಯನವರು ತಂತಿ ನೋಡಿದವರೇ ಗಾಬರಿಯಾದರು. “ಹುಡುಗ ಹೋಗೂದು ನಮಗ ಗೊತ್ತಿದ್ದಿಲ್ಲ ಅಂತ ಎಸ್ಪಿಯವರಿಗೆ ಇವತ್ತ ಬರದುಬಿಡೂಣು. ‘ಕಾಲೇಜಿಗೆ ತಿಳಿಸದೆ ದೇಶ ಬಿಟ್ಟಿದ್ದಾನೆ.’ ಟೈಪ್ ಮಾಡ್ರಿ.”

ಅವಳು ಟೈಪು ಮಾಡಿದಳು. ಮೂರೇ ಸಾಲು. ಪ್ರಾಚಾರ್ಯರು ಆ ದಿನ ಊರಲ್ಲಿರಲಿಲ್ಲ. ಪತ್ರ ಅವರ ಸಹಿಗೆ ಕಾದು ಮೇಜಿನ ಮೇಲೆ ಉಳಿಯಿತು.

ಸಂಜೆಯ ಗಾಡಿ ದೇಸೂರು ದಾಟುವವರೆಗೆ ಅವಳಿಗೆ ಅದೊಂದೇ ವಿಚಾರ. ಆ ಪತ್ರ ಹೋದರೆ ಪೊಲೀಸರು ಅಭ್ಯಂತರ ಇದೆ ಎಂದು ಬರೆಯುತ್ತಾರೆ. ಹುಡುಗನಿಗೆ ವೀಸಾ ಸಿಗುವುದಿಲ್ಲ. ಎರಡು ವರ್ಷದ ಓದು ಹೋಗುತ್ತದೆ. ತಾನು ಬಾಯಿ ಬಿಟ್ಟರೆ ತನ್ನ ನೌಕರಿ ಹೋಗುತ್ತದೆ. ತಾನು ಅಂದದ್ದನ್ನು ಯಾರೂ ಕೇಳಿರಲಿಲ್ಲ, ಎಲ್ಲಿಯೂ ಬರೆದಿರಲಿಲ್ಲ. ಮನೆಯಲ್ಲಿ ಅವಳ ಅತ್ತೆ ಕಾಶವ್ವ, “ಯಾಕ ಮಾರಿ ಸಣ್ಣ ಮಾಡೀಯ?” ಎಂದು ಕೇಳಿದಾಗ ತಲೆನೋವು ಎಂದಳು. ರೊಟ್ಟಿ ಬಡಿಯುವಾಗ ಒಂದು ರೊಟ್ಟಿ ಹರಿದು ಕೈಯಲ್ಲೇ ಉಳಿಯಿತಂತೆ. ಇದನ್ನು ಅವಳು ನನಗೆ ಹೇಳುವಾಗಲೂ ಕೈ ಮುಂದೆ ಮಾಡಿ ತೋರಿಸಿದ್ದಳು.

ಮರುದಿನ ಬೆಳಿಗ್ಗೆ ಚನ್ನಬಸಯ್ಯನವರ ಮುಂದೆ ನಿಂತಳು. “ಅಯ್ಯಾರ, ಆ ಪತ್ರ ಕಳಸಬ್ಯಾಡ್ರಿ. ಅಂವ ನನಗ ಕೇಳಿದ್ದ. ಏನೂ ಬೇಕಾಗಿಲ್ಲ ಅಂತ ನಾನ ಅಂದೇನ್ರಿ.”

ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. “ಬಾಯಿಲೆ ಅಂದದ್ದು ಯಾರು ಕೇಳ್ಯಾರವ್ವಾ? ಸುಮ್ನ ಇರ್ರಿ. ನಿಮಗೂ ಚಲೋ, ಕಾಲೇಜಿಗೂ ಚಲೋ.”

“ಅಂವಗ?”

ಅವರು ಮುಂದಿನ ಫೈಲು ತೆಗೆದರು. ಅಕ್ಕವ್ವ ಅಲ್ಲಿಂದ ನೇರ, ಆಗಷ್ಟೇ ಊರಿಂದ ಬಂದಿದ್ದ ಪ್ರಾಚಾರ್ಯರ ಕೋಣೆಗೆ ಹೋದಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಅವರು ಮೂರು ಸಾಲಿನ ಪತ್ರವನ್ನು ಪಕ್ಕಕ್ಕೆ ಸರಿಸಿ, “ಬೇರೆ ಬರೀರಿ. ಪ್ರವೇಶದ ತಾರೀಖು, ಹಾಜರಿ ಎಷ್ಟೈತೋ ಅಷ್ಟು, ರಜಾದ ತಾರೀಖು, ಪರೀಕ್ಷಾ ಯಾವಾಗ ಅನ್ನೂದು. ಒಂದೂ ಹೆಚ್ಚು ಹಾಕಬ್ಯಾಡ್ರಿ. ಒಂದು ಪ್ರತಿ ರಾಯಭಾರ ಕಚೇರಿಗೆ ರಿಜಿಸ್ಟರ್ ಪೋಸ್ಟ್ ಮಾಡ್ರಿ. ಇನ್ನೊಂದು ಎಸ್ಪಿ ಆಫೀಸಿಗೆ ನೀವ ತಗೊಂಡು ಹೋಗ್ರಿ. ನನಗ ಹೇಳಿದ್ದನ್ನ ಅಲ್ಲಿ ಹೇಳ್ರಿ,” ಎಂದರು.

“ನಾನ್ರೀ?”

“ಮತ್ತ್ಯಾರು?”

ಫಾರಿನರ್ಸ್ ಸೆಕ್ಷನ್ ಎಂದರೆ ಎಸ್ಪಿ ಕಚೇರಿಯ ಹಿಂಬದಿಯ ಒಂದು ಸಣ್ಣ ಕೋಣೆ. ಅಲ್ಲಿ ಸಿದರಾಯ ಎಂಬ ಹವಾಲ್ದಾರರು ದೊಡ್ಡ ರಜಿಸ್ಟರಿನ ಹಿಂದೆ ಕೂತಿದ್ದರು. ಅಕ್ಕವ್ವ ಬಾಗಿಲಲ್ಲೇ ನಿಂತಳು.

“ಬರ್ರಿ, ಕುಂದರ್ರಿ,” ಎಂದರು ಸಿದರಾಯ. ಪತ್ರ ಓದಿದರು. “ಈ ಹುಡುಗ ಎಂಟು ವಾರಕ್ಕಿಂತ ಹೆಚ್ಚು ಊರು ಬಿಟ್ಟರೂ ನಮಗ ಹೇಳಬೇಕು. ದೇಶಾನ ಬಿಟ್ಟಾನ, ಹೇಳಿಲ್ಲ. ಹೋಗಾಕ ಯಾರು ಹೇಳಿದ್ರು?”

ಅವಳು ಪತ್ರದ ಕಡೆ ಬೆರಳು ತೋರಿಸಿದಳು. ಅವರು ಇನ್ನೊಮ್ಮೆ ಕೇಳಿದರು.

“ನಾನ್ರೀ ಸಾಹೇಬ್ರ. ಕಾಗದ ಬ್ಯಾಡ ಅಂದೆ. ನನಗ ಗೊತ್ತಿದ್ದಿಲ್ಲ.”

ಸಿದರಾಯ ಪೆನ್ನು ಕೆಳಗಿಟ್ಟರು. “ಹನ್ನೆರಡು ವರ್ಷದಿಂದ ನಿಮ್ಮ ಸಹಿ ನೋಡಾಕತ್ತೇನಿ. ನಿಮಗ ಗೊತ್ತಿದ್ದಿಲ್ಲ?”

ಅವರು ಒಂದು ಹಾಳೆ ಮುಂದೆ ತಳ್ಳಿದರು. “ಅಂದದ್ದು ಅಂದಂಗ ಬರೀರಿ. ತಾರೀಖು ಹಾಕ್ರಿ. ರಾಯಭಾರ ಕಚೇರಿಯಿಂದ ನಮಗ ವಿಚಾರಣೆ ಬರತೈತಿ. ಅದು ಬಂದ ಮ್ಯಾಲೆ ಸಾಹೇಬ್ರು ನೋಡ್ತಾರ.”

“ನನ್ನ ಹಿಡೀತೀರೇನ್ರಿ?”

“ಅದೇನು ನಾನು ಹೇಳಾಕ ಬರೂದಿಲ್ಲ. ಮೊದಲ ಬರೀರಿ.”

ಅವಳು ಬರೆದಳು. ಕೆಳಗೆ ಬರೆದ ತನ್ನ ಹೆಸರೇ ತನಗೆ ಬೇರೆಯವರದ್ದು ಎನಿಸಿತಂತೆ.

ಐದು ವಾರ ಏನೂ ಸುದ್ದಿ ಇಲ್ಲ. ಕಾಲೇಜಿನವರು ಅವಳಿಗೆ ಮೆಮೊ ಕೊಟ್ಟರು. ಪ್ರತಿ ದಿನ ಅವಳು ಇದ್ರಿಸನ ಹಾಜರಿ ಪಟ್ಟಿ ತೆಗೆದು ನೋಡುತ್ತಿದ್ದಳು. ಅವನ ಹೆಸರಿನ ಮುಂದೆ ಗೈರುಹಾಜರಿಯ ಗೆರೆಗಳು ಉದ್ದವಾಗುತ್ತ ಹೋದವು. ಎಪ್ಪತ್ತೆಂಟು ಎಪ್ಪತ್ತೆರಡಾಯಿತು, ಆಮೇಲೆ ಅರವತ್ತಾರಾಯಿತು. ಫೋನು ರಿಂಗಾದರೆ ಬೆಚ್ಚಿ ಬೀಳುತ್ತಿದ್ದಳು. ಖಾನಾಪುರ ಸ್ಟೇಷನ್ನಿನಲ್ಲಿ ರೇಲ್ವೆ ಪೊಲೀಸರು ಕಂಡರೂ ಸೆರಗು ಮುಂದೆಳೆದುಕೊಂಡು ಬೇರೆ ಬಾಗಿಲಿನಿಂದ ಇಳಿಯುತ್ತಿದ್ದಳು. ಕಾಶವ್ವನಿಗೆ ಮಾತ್ರ ಕಡೆಗೂ ಹೇಳಲಿಲ್ಲ.

ಡಿಸೆಂಬರ್ ಎರಡನೆಯ ವಾರ ಸಿದರಾಯ ಹೇಳಿ ಕಳಿಸಿದರು. ಅಕ್ಕವ್ವ ಹೋದಾಗ ಅವರ ಮುಂದೆ ಎರಡು ಹಾಳೆಗಳಿದ್ದವು. ಒಂದು ಅವಳದು. ಇನ್ನೊಂದು ರಾಯಭಾರ ಕಚೇರಿಯಲ್ಲಿ ಇದ್ರಿಸ್ ಕೊಟ್ಟ ಹೇಳಿಕೆಯ ಪ್ರತಿ.

“ಅಂವ ಏನ್ ಹೇಳ್ಯಾನ ಗೊತ್ತೈತೇನು? ‘ನಾನು ಯಾರನ್ನೂ ಕೇಳಲಿಲ್ಲ. ತಪ್ಪು ನನ್ನದೊಂದೇ.’ ನೀವು ನೋಡಿದ್ರ ಅಂವ ಕೇಳಿದ್ದ ಅಂತೀರಿ. ಇಬ್ಬರೊಳಗ ಒಬ್ಬರದು ಸುಳ್ಳ ಐತಿ.”

ಅಕ್ಕವ್ವನಿಗೆ ತಕ್ಷಣ ತಿಳಿಯಿತು: ತನ್ನನ್ನು ಉಳಿಸಲು ಹುಡುಗ ಹಾಗೆ ಬರೆದಿದ್ದಾನೆ. ಆ ಬರಹವೇ ಈಗ ಅವನ ಕುತ್ತಿಗೆಗೆ ಬರುತ್ತದೆ.

“ಸಾಹೇಬ್ರ, ನಂದು ಖರೇ ಐತ್ರಿ. ನನ್ನ ನೌಕರಿ ಹೋಗಬಾರದು ಅಂತ ಅಂವ ಹಂಗ ಬರದಾನ. ಸುಳ್ಳ ಹೇಳ್ಯಾನ ಅಂತ ಹಾಕಬ್ಯಾಡ್ರಿ. ಬೇಕಾದ್ರ ನನ್ನ ಮ್ಯಾಲೆ ಹಾಕ್ರಿ.”

ಸಿದರಾಯ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟರು. ಆಮೇಲೆ ಅಂದರು: “ಅಂವ ನಮ್ಮನ್ನ ಕೇಳಬೇಕಿತ್ತು, ಕೇಳಿಲ್ಲ. ಅದು ಅಂವನ ತಪ್ಪು, ಖರೇನ ಐತಿ. ನಿಮ್ಮ ಹಾಳೆ ನಿಮ್ಮದು, ಅದೂ ಫೈಲಿನಾಗ ಇರ್ಲಿ. ಹಿಂದೆ ಅಂವನ ಮ್ಯಾಲೆ ಏನೂ ತಕರಾರಿಲ್ಲ, ಪರ್ಮಿಟ್ ಸರಿ ಇತ್ತು. ಸಾಹೇಬ್ರು ಆಕ್ಷೇಪಣೆ ಇಲ್ಲ ಅಂತ ಸಹಿ ಮಾಡ್ಯಾರ. ಇವತ್ತ ತಂತಿ ಹೋಗತೈತಿ.”

ಅಕ್ಕವ್ವ ಎದ್ದು ಕೈ ಮುಗಿದಳು. ಅವರೇ ನೀರು ತರಿಸಿಕೊಟ್ಟರು.

ಇದ್ರಿಸ್ ಹೊಸ ವೀಸಾದೊಂದಿಗೆ ಕ್ರಿಸ್‌ಮಸ್ಸಿನ ಮುಂಚಿನ ವಾರ ಬೆಳಗಾವಿಗೆ ಬಂದ. ಸೊರಗಿದ್ದ. ಹೊಸದಾಗಿ ಒಳಗೆ ಬಂದವನಾದ್ದರಿಂದ ಮತ್ತೆ ಹೆಸರು ಬರೆಸಬೇಕಿತ್ತು. ಅಕ್ಕವ್ವ ಜೊತೆಗೆ ಹೋದಳು. ದಾರಿಯಲ್ಲಿ ಅವನು, “ಬಾಯಾರ, ನೀವ್ ಯಾಕ ಹೇಳಿದ್ರಿ?” ಎಂದ. ಅವಳು, “ನೀ ಯಾಕ ಹೇಳಲಿಲ್ಲ?” ಎಂದಳು.

ಹಾಜರಿಯನ್ನು ಯಾರೂ ತುಂಬಿಸಿಕೊಡಲಾಗಲಿಲ್ಲ. ಕಾಮಣಿಯ ದಿನಗಳಿಗೆ ಡಾಕ್ಟರ ಚೀಟಿ ಇತ್ತು. ಕಠ್ಮಂಡುವಿನ ದಿನಗಳಿಗೆ ಏನೂ ಇರಲಿಲ್ಲ. ಏಪ್ರಿಲ್ ಪರೀಕ್ಷೆಗೆ ಅವನನ್ನು ಕೂಡಿಸಲಿಲ್ಲ, ಒಂದು ವರ್ಷ ಹೋಯಿತು. ಅದೇ ವರ್ಗದಲ್ಲಿ ಮತ್ತೆ ಓದಲು ಕಾಲೇಜು ಒಪ್ಪಿದ ಪತ್ರ ನೋಡಿ ಪೊಲೀಸರು ಪರ್ಮಿಟ್ ಮುಂದುವರಿಸಿದರು, ಆದರೆ ಆರಾರು ತಿಂಗಳಿಗೆ ಮಾತ್ರ. ಪ್ರತಿ ತಿಂಗಳು ಹಾಜರಿ ಕಳಿಸಬೇಕೆಂಬ ಷರತ್ತೂ ಇತ್ತು. ಜನವರಿಯಲ್ಲಿ ಪರದೇಶದ ಫೈಲುಗಳನ್ನು ಅಕ್ಕವ್ವನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಅವಳನ್ನು ಹಳೆಯ ದಾಖಲೆಗಳ ಕೋಣೆಗೆ ಹಾಕಿದರು.

“ಪೀಡಾ ಹೋತು ಅನಿಸಲಿಲ್ಲೇನು?” ಎಂದು ನಾನೊಮ್ಮೆ ಕೇಳಿದೆ.

“ಅನಿಸ್ತವ್ವಾ. ಆದ್ರ ಆ ಹುಡುಗನ ಹಾಜರಿ ಕಾಗದ ಮಾತ್ರ ನಾನ ಒಯ್ಯತಿದ್ದೆ. ಹೊಸಬರನ್ನ ಕೇಳಿ ಇಸಗೊಂಡು, ತಿಂಗಳಾ ತಿಂಗಳಾ. ೮೯ರಾಗ ಅಂವ ಪಾಸ್ ಆಗಿ ಹೋಗೂತನಕ.”

“ಅಂಜಿಕಿ ಹೋಗಿತ್ತೇನು ಅಷ್ಟರಾಗ?”

“ಎಲ್ಲೀ ಅಂಜಿಕಿ ಹೋಗತೈತಿ? ಆ ಬಾಗಿಲಿಗೆ ಬಂದ ಕೂಡಲೇ ಬಾಯಿ ಒಣಗೂದ. ಒಣಗಿದ ಬಾಯಿಲೇನ ಒಳಗ ಹೋಗತಿದ್ದೆ.”