ಗಾಲಿ ಹಿಡಿದು ನೋಡಿದವಳು

ಗುಬ್ಬಿಯ ಕೊಬ್ಬರಿ ಗೋದಾಮಿನೊಳಗೆ ಮೂಟೆ ಸಾಗಿಸಲು, ತಾನೇ ಓಡಾಡುವ ಗಾಡಿ. ತುಮಕೂರಿನ ನಮ್ಮ ಪುಟ್ಟ ಕಂಪನಿಯಲ್ಲಿ ಆ ಕೆಲಸ ಇಬ್ಬರದು. ಮೋಟಾರು ಓಡಿಸುವ ಮೈಕ್ರೋಕಂಟ್ರೋಲರ್ ಬೋರ್ಡು ನನ್ನದು. ಗಾಡಿಯ ಮೇಲಿನ ಕಂಪ್ಯೂಟರಿನಲ್ಲಿ ರಾಸ್ ಎಂಬ ರೋಬೋಟ್ ತಂತ್ರಾಂಶ ನಡೆಸಿ ಗೋದಾಮಿನ ನಕ್ಷೆ ಬರೆಸುವುದು ಕುಣಿಗಲ್‌ನಿಂದ ದಿನಾ ಬಸ್ಸಿಗೆ ಬರುವ ನನ್ನ ಗೆಳತಿಯದು. ಕಂಪ್ಯೂಟರು ಇಷ್ಟು ವೇಗ ಎಂದರೆ ಬೋರ್ಡು ಗಾಲಿ ತಿರುಗಿಸಬೇಕು. ಗಾಲಿ ನಿಜವಾಗಿ ಎಷ್ಟು ತಿರುಗಿತೆಂದು ಎನ್‌ಕೋಡರ್ ಎಣಿಸಿದ್ದನ್ನು ಅದೇ ಕೇಬಲ್ಲಿನಲ್ಲಿ ಮರಳಿ ಕಳಿಸಬೇಕು. ಆ ಎಣಿಕೆ ನಂಬಿಯೇ ಅವಳ ನಕ್ಷೆ ಬೆಳೆಯುವುದು.

ಆಜ್ಞೆ ಸರಿಯಾಗಿ ಹೋಗುತ್ತಿತ್ತು. ಎಣಿಕೆ ಮಾತ್ರ ನಡುನಡುವೆ ಕಡಿದುಹೋಗುತ್ತಿತ್ತು. ಗೋದಾಮಿನವರು ನೋಡಲು ಬರುವ ದಿನ ಹತ್ತಿರವಾಯಿತು. ಒಪ್ಪಿಕೊಳ್ಳಲು ನನ್ನ ಜಂಬ ಬಿಡಲಿಲ್ಲ. ಕಂಪ್ಯೂಟರಿನಲ್ಲೇ ಒಂದು ಸಣ್ಣ ಪ್ರೋಗ್ರಾಂ ಬರೆದು, ಹೋದ ಆಜ್ಞೆಯನ್ನೇ ಎನ್‌ಕೋಡರ್ ಎಣಿಕೆಯ ಹೆಸರಲ್ಲಿ ವಾಪಸ್ ಕೊಡಿಸಿದೆ. ಪರದೆಯ ಮೇಲೆ ಗಾಡಿ ನುಣ್ಣಗೆ ಓಡಿತು. ಬಂದವರು ಮೆಚ್ಚಿ ಹೋದರು.

ಗಾಡಿಯನ್ನು ಗೋದಾಮಿಗೆ ಒಯ್ದು ಓಡಿಸಿದಾಗ ನೆಲದ ಮೇಲಿನ ಕೊಬ್ಬರಿ ಪುಡಿಗೆ ಗಾಲಿ ಜಾರುತ್ತಿತ್ತು, ನನ್ನ ಸುಳ್ಳು ಲೆಕ್ಕ ಜಾರುತ್ತಿರಲಿಲ್ಲ. ಅವಳ ನಕ್ಷೆಯಲ್ಲಿ ಗೋಡೆಗಳು ಸೊಟ್ಟಗಾದವು, ಒಂದು ಬಾಗಿಲು ಎರಡಾಯಿತು. ನಮ್ಮ ಮಾಲೀಕರು ಅವಳಿಗೆ, "ನೋಡಮ್ಮ, ಇದು ಸರಿ ಹೋಗ್ಲಿಲ್ಲ ಅಂದ್ರೆ ಬೇರೆಯವ್ರನ್ನ ಹಾಕ್ಬೇಕಾಗುತ್ತೆ" ಎಂದರು.

ಅವರು ಹೋದ ಮೇಲೆ ಅವಳು ನನ್ನ ಕಡೆ ತಿರುಗಿ, "ಸಾರಿ ಕಣೇ. ನೀನು ಇಷ್ಟು ಚೆನ್ನಾಗಿ ಡೇಟಾ ಕೊಟ್ಟಿದೀಯ, ನಂಗೇ ಬರ್ತಿಲ್ಲ" ಎಂದಳು.

"ಪರ್ವಾಗಿಲ್ಲ ಬಿಡೇ" ಎಂದೆ. ಹಾಗೆಂದ ನನ್ನ ನಾಲಿಗೆಯ ಬಗ್ಗೆ ಇಂದಿಗೂ ನನಗೆ ಅಸಹ್ಯವಿದೆ.

ಮಾರನೇ ದಿನ ಅವಳು ಗಾಡಿಯನ್ನು ಇಟ್ಟಿಗೆಗಳ ಮೇಲೆತ್ತಿ ನಿಧಾನಕ್ಕೆ ಓಡಿಸಿ, ಒಂದು ಗಾಲಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು. ಪರದೆಯಲ್ಲಿ ಆ ಗಾಲಿ ತಿರುಗುತ್ತಲೇ ಇತ್ತು. ಅವಳು ಗಾಲಿ ನೋಡಿದಳು, ಪರದೆ ನೋಡಿದಳು, ಆಮೇಲೆ ನನ್ನನ್ನು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲ ಹೇಳಿದೆ.

ಅವಳು ಬೈಯಲಿಲ್ಲ. ನನ್ನ ಪಕ್ಕ ಕೂತು ಕೋಡ್ ಓದಿದಳು. ತಪ್ಪು ಹುಡುಕಲು ನಾನು ಬರೆದಿದ್ದ ಪ್ರಿಂಟ್ ಸಾಲುಗಳು ಉಗುಳುವ ಅಕ್ಷರಗಳು ಅದೇ ಕೇಬಲ್ಲಿಗೆ ನುಗ್ಗಿ ಎಣಿಕೆಯ ಸಂದೇಶಗಳನ್ನು ಕೆಡಿಸುತ್ತಿದ್ದವು. ಅವನ್ನು ತೆಗೆದೆವು. ಆಜ್ಞೆ ಬರುವುದು ನಿಂತರೆ ಮೋಟಾರೂ ನಿಲ್ಲುವಂತೆ ಮಾಡಿದೆವು. ನನ್ನ ಸುಳ್ಳು ಪ್ರೋಗ್ರಾಮನ್ನು ನಾನೇ ಅಳಿಸಿದೆ. ನಕ್ಷೆಯಲ್ಲಿ ಬಾಗಿಲು ಮತ್ತೆ ಒಂದೇ ಆಯಿತು.

ಮಾಲೀಕರು ಏನಾಗಿತ್ತೆಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು, "ಕೇಬಲ್‌ದು ಪ್ರಾಬ್ಲಮ್ ಸಾರ್, ಇಬ್ರೂ ಸೇರಿ ಸರಿ ಮಾಡಿದ್ವಿ" ಎಂದಳು. ತೆರೆಯಬೇಕಿದ್ದ ಬಾಯನ್ನು ನಾನು ಮುಚ್ಚಿಕೊಂಡೆ.

ಈಗಲೂ ಜೊತೆಗೇ ಕೆಲಸ, ಜೊತೆಗೇ ಊಟ. ಆದರೆ ನಾನು ಏನು ಕೊಟ್ಟರೂ ಅವಳು ಮೊದಲು ಗಾಲಿಯನ್ನು ಕೈಯಲ್ಲಿ ಹಿಡಿದು ಪರದೆ ನೋಡುತ್ತಾಳೆ. ಆಗ ನನ್ನ ಮುಖ ನೋಡುವುದಿಲ್ಲ.