ಎಂಟನೆಯ ಟ್ರಾಲಿಯ ಮಣ್ಣು

ಆ ದಿನ ಮಾಡಿದ ಕೆಲಸ ಇಷ್ಟು: ಎರಡು ಎಮ್ಮೆ ಹಿಂಡಿದೆ, ಹಾಲು ಡೇರಿಗೆ ಕೊಟ್ಟು ಬಂದೆ, ಹದಿನಾಲ್ಕು ರೊಟ್ಟಿ ಬಡಿದೆ, ಅತ್ತೆಯವರ ಕೌದಿ ಬಿಸಿಲಿಗೆ ಹಾಕಿದೆ, ಮೊಸರು ಕಡೆದೆ, ಹೊರಗೆ ಹೋದ ಮಣ್ಣಿನ ಟ್ರಾಲಿಗೊಂದರಂತೆ ಅಂಗಳದ ಗೋಡೆಯ ಮೇಲೆ ಇದ್ದಿಲಿನಿಂದ ಎಂಟನೆಯ ಗೆರೆ ಎಳೆದೆ.

ಗೆರೆ ಎಳೆದ ಕೈ ಗೋಡೆಯ ಮೇಲೆಯೇ ನಿಂತಿತು. ಎಂಟು ಆಗಬಾರದಿತ್ತು.

ನಮ್ಮ ಓಣಿಗೆ ನಳದ ನೀರು ವಾರಕ್ಕೊಮ್ಮೆ, ಒಮ್ಮೊಮ್ಮೆ ಎಂಟು ದಿನಕ್ಕೊಮ್ಮೆ. ಮನೆಯ ಐದು ಮಂದಿಗೂ ಎಮ್ಮೆಗಳಿಗೂ ದಿನಕ್ಕೆ ಸಾವಿರದ ಇನ್ನೂರು ಲೀಟರ್ ಬೇಕು. ಹತ್ತು ಸಾವಿರ ಲೀಟರಿನ ಸಂಪು ಅಂಗಳದಲ್ಲಿಯೇ ಕಟ್ಟಿಸೋಣವೆಂದು ಯಜಮಾನರು ಐನಾಪುರದ ಗೌಂಡಿಯನ್ನು ಕರೆಸಿದರು. ಗೋಡೆ ಕಟ್ಟುವುದರಲ್ಲಿ ಅವನ ಕೈ ಚೊಕ್ಕ, ಬಾಯಿ ಅದಕ್ಕಿಂತ ಜೋರು. ಒಂದು ಘನ ಅಡಿಗೆ ಇಪ್ಪತ್ತೆಂಟು ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ ಎಂದು ಹೇಳಿ, ಉದ್ದ ಒಂಬತ್ತು ಅಡಿ, ಅಗಲ ಎಂಟು, ನೀರಿನ ಆಳ ಐದು ಎಂದು ಬೆರಳು ಮಡಚಿದ. ಮುನ್ನೂರ ಅರವತ್ತು ಘನ ಅಡಿ. ಹತ್ತು ಸಾವಿರ ಲೀಟರ್, ಮೇಲೊಂದಿಷ್ಟು. ಲೆಕ್ಕ ಸರಿಯಿತ್ತು. ಆಮೇಲೆ ಅದೇ ಒಂಬತ್ತಕ್ಕೆ ಎಂಟು ಅಡಿಯಂತೆ ನೆಲದ ಮೇಲೆ ಸುಣ್ಣದ ಗೆರೆ ಹಾಕಿ, ಅಗೆಯಿರೆಂದು ಇಬ್ಬರು ಆಳುಗಳಿಗೆ ಹೇಳಿದ.

"ಗೌಂಡಿ ಅಣ್ಣಾ, ಗ್ವಾಡಿ ಎಲ್ಲಿ ಕಟ್ತಿ? ಈ ಗೆರಿ ಒಳಗೋ, ಹೊರಗೋ?" ಎಂದು ಕೇಳಿದೆ.

"ಒಳಗ್ರೀ ವೈನಿ. ಹೊರಗ ಮಣ್ಣ ಇರತೈತೆಲ್ಲ."

"ಹಂಗಾರ ನಾ ನೀರ ಕೇಳೀನಿ, ನೀ ಇಟ್ಟಂಗಿ ಕುಡಸ್ತಿ."

ಗೋಡೆ ಪ್ಲಾಸ್ಟರ್ ಸೇರಿ ಒಂಬತ್ತು ಇಂಚು. ಎರಡು ಕಡೆಯದು ಕೂಡಿದರೆ ಒಂದೂವರೆ ಅಡಿ. ಅವನ ಗೆರೆಯ ಒಳಗೆ ಗೋಡೆ ಎದ್ದರೆ ನೀರಿಗೆ ಉಳಿಯುವುದು ಏಳೂವರೆಗೆ ಆರೂವರೆ, ಅಂದರೆ ಏಳು ಸಾವಿರ ಲೀಟರೂ ತುಂಬದು. ಡಬ್ಬಿ ಕೊಳ್ಳುವಾಗ ಒಳಗೆ ಎಷ್ಟು ಹಿಟ್ಟು ಹಿಡಿಯುತ್ತದೆಂದು ನೋಡುತ್ತೇವೆಯೇ ಹೊರತು ತಗಡಿನ ಹೊರಮೈ ಅಳೆಯುವುದಿಲ್ಲವಲ್ಲ. ಗೌಂಡಿ ನಕ್ಕು ತಲೆ ಕೆರೆದುಕೊಂಡ. ಗೆರೆಯನ್ನು ನಾಲ್ಕೂ ಕಡೆ ಒಂಬತ್ತು ಇಂಚು ಹೊರಕ್ಕೆ ಸರಿಸಿ ಹತ್ತೂವರೆಗೆ ಒಂಬತ್ತೂವರೆ ಮಾಡಿದ. ಆಳಕ್ಕೆ ನೀರಿನ ಐದು ಅಡಿ. ಮೇಲೆ ಖಾಲಿ ಬಿಡಲು ಅರ್ಧ, ತಳದ ಕಾಂಕ್ರೀಟಿಗೆ ಅರ್ಧ, ಸ್ಲ್ಯಾಬಿಗೆ ಅರ್ಧ, ಒಟ್ಟು ಆರೂವರೆ. ಹೀಗೆ ಅಗೆಯಬೇಕಾದ ಮಣ್ಣು ಆರುನೂರ ನಲವತ್ತೆಂಟು ಘನ ಅಡಿಯಾಯಿತು. ನೂರು ಘನ ಅಡಿಗೆ ನಮ್ಮಲ್ಲಿ ಒಂದು ಬ್ರಾಸ್ ಎನ್ನುತ್ತಾರೆ. ನಮ್ಮ ಟ್ರ್ಯಾಕ್ಟರಿನ ಟ್ರಾಲಿ ಹಿಡಿಯುವುದೂ ಒಂದು ಬ್ರಾಸ್. ಅಗೆದ ಮಣ್ಣು ಹಿಗ್ಗುತ್ತದೆ, ನಾಲ್ಕು ಇದ್ದದ್ದು ಐದಾಗುತ್ತದೆ. ಆದ್ದರಿಂದ ಗುಂಡಿ ಪೂರ್ತಿ ಮುಗಿದಾಗ ಎಂಟು ಟ್ರಾಲಿ ಮಣ್ಣು.

ಈಗ ಎಂಟನೆಯದು ತುಂಬಿ ಹೋಗಿತ್ತು. ಗುಂಡಿ ಮಾತ್ರ ಐದೇ ಅಡಿ ಆಳವಾಗಿತ್ತು.

ಮೊದಲ ಎರಡು ದಿನ ಎಲ್ಲವೂ ಸರಳವಾಗಿ ನಡೆದಿತ್ತು. ಮೂರನೆಯ ಮುಂಜಾನೆ ನೋಡಿದರೆ, ಹಿಂದಿನ ಸಂಜೆ ಚೊಕ್ಕಟ ಮಾಡಿ ಬಿಟ್ಟ ತಳದಲ್ಲಿ, ಮನೆಯ ಗೋಡೆಯ ಕಡೆಗಿನ ಮೂಲೆಯಲ್ಲಿ ಒಂದು ದಿಬ್ಬವಿತ್ತು. ನಮ್ಮದು ಎರಿ ಮಣ್ಣು, ಕಪ್ಪು, ಹೆಂಟೆ ಹೆಂಟೆ. ಈ ದಿಬ್ಬ ಬೂದು ಬಣ್ಣದ್ದು, ಜರಡಿ ಹಿಡಿದ ಹಿಟ್ಟಿನಂತೆ ನುಣ್ಣಗೆ. ಆಳುಗಳು ಗುಂಡಿಯ ಬಾಜೂ ಕುಸಿದಿದೆ ಎಂದುಕೊಂಡು ಎತ್ತಿ ಟ್ರಾಲಿಗೆ ಹಾಕಿದರು. ಮರುದಿನ ಅದೇ ಮೂಲೆಯಲ್ಲಿ ಅಷ್ಟೇ ಎತ್ತರದ ದಿಬ್ಬ. ಅದರ ಮರುದಿನವೂ.

ಇನ್ನೊಂದು ಮಾತಿದೆ. ಆ ಮೂರೂ ಮುಂಜಾನೆ ಅತ್ತೆ ತಮ್ಮ ಮಂಚದ ಮೇಲೆ ಕೂತು ಚಹಾ ಕುಡಿಯುತ್ತ ಒಂದೇ ಮಾತು ಹೇಳಿದ್ದರು. "ಯಾರ ಬೇ ಅದು, ನನ್ನ ಹೊರಸಿನ ಬುಡಕ ಜ್ವಾಳಾ ಸುರವಾಕತ್ತಾರ? ಸರ್ ಅಂತೈತಿ, ನಿಂದರತೈತಿ, ಮತ್ತ ಸರ್ ಅಂತೈತಿ." ಯಜಮಾನರು, "ಅವ್ವಾ, ತಂಬಾಕ ಕಡಿಮಿ ಮಾಡು" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ.

ಎಂಟನೆಯ ಗೆರೆಯ ಮುಂದೆ ನಿಂತು ಲೆಕ್ಕ ಹಾಕಿದೆ. ಐದು ಅಡಿ ಆಳಕ್ಕೆ ಐದು ಬ್ರಾಸ್, ಹಿಗ್ಗಿದರೆ ಆರು ಟ್ರಾಲಿ, ಬಹಳವೆಂದರೆ ಇನ್ನೊಂದು ಕಾಲು. ಉಳಿದದ್ದು ಸುಮಾರು ಎರಡು ಟ್ರಾಲಿ. ಅದು ಈ ಗುಂಡಿಯ ಮಣ್ಣಲ್ಲ. ಹಾಗಾದರೆ ಎಲ್ಲಿಯದು?

"ನೀವ ಗೆರಿ ದೊಡ್ಡದ ಮಾಡಿಸಿದ್ರೆಲ್ಲ ವೈನಿ, ಅದಕ ಹೆಚ್ಚ ಬಂದೈತಿ" ಎಂದ ಗೌಂಡಿ.

"ದೊಡ್ಡದ ಮಾಡಿದ್ದ ಹಿಡದ ಎಣಿಸೀನಿ. ಟೇಪ ಹಚ್ಚ ಬೇಕಾರ."

ಟೇಪು ಹಿಡಿದು ನೋಡಿದ. ಹತ್ತೂವರೆ, ಒಂಬತ್ತೂವರೆ, ಐದು. ಒಂದಿಂಚೂ ತಪ್ಪಿರಲಿಲ್ಲ. ಮೊದಲ ಸಲ ಅವನ ನಗು ನಿಂತಿತು. ಅತ್ತೆಯವರ ಖೋಲಿಯ ಗೋಡೆ ಗುಂಡಿಯ ಅಂಚಿಗೆ ಬರೀ ಮೂರು ಅಡಿ ದೂರದಲ್ಲಿತ್ತು. ನಾನು ಗೆರೆ ಸರಿಸದೆ ಇದ್ದಿದ್ದರೆ ಇನ್ನೂ ಒಂಬತ್ತು ಇಂಚು ಗಟ್ಟಿ ಮಣ್ಣು ನಡುವೆ ಉಳಿಯುತ್ತಿತ್ತು.

"ಇಬ್ಬರೂ ಮ್ಯಾಲ ಬರ್ರಿ, ಲಗೂನ" ಎಂದೆ. ಆಳುಗಳು ಹತ್ತಿ ಬಂದರು. ಗೌಂಡಿ ಎದುರಿನ ಅಂಚಿನಲ್ಲಿ ಮಕಾಡೆ ಮಲಗಿ, ಉದ್ದನೆಯ ಬಿದಿರು ಗಳದಿಂದ ದಿಬ್ಬದ ಹಿಂದೆ ಚುಚ್ಚಿದ. ಗಳ ಒಳಗೆ ಹೋಯಿತು, ಹೋಗುತ್ತಲೇ ಇತ್ತು. ಕೈಯಳತೆಯಷ್ಟು ಉಳಿದಾಗಲೂ ಏನಕ್ಕೂ ತಾಗಲಿಲ್ಲ. ಹೊರಗೆ ಎಳೆದಾಗ ಸರ್ ಎಂದು ಬೂದಿ ಇಳಿಯಿತು, ಜೊತೆಗೊಂದು ವಾಸನೆ ಬಂತು. ಮುಗ್ಗಿದ ಜೋಳದ ವಾಸನೆ. ನಾನು ಈ ಮನೆಗೆ ಬಂದ ಮೇಲೆ ಇಲ್ಲಿ ಜೋಳ ನೆಲದೊಳಗೆ ಇಟ್ಟವರೇ ಇಲ್ಲ.

"ಹಗೇವರೀ" ಎಂದ ಗೌಂಡಿ, ಸಣ್ಣ ದನಿಯಲ್ಲಿ. ಹಗೇವು ಎಂದರೆ ಹಿಂದಿನವರು ಕಾಳು ತುಂಬಿಡುತ್ತಿದ್ದ ನೆಲಮಾಳಿಗೆಯಂಥ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಯಾರೋ ಅದಕ್ಕೆ ಬೂದಿ, ಹೊಟ್ಟು ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮೇಲೆ ಖೋಲಿ ಕಟ್ಟಿದ್ದಾರೆ. ನಾವು ಅದರ ಹೊಟ್ಟೆಗೆ ತೂತು ಮಾಡಿ ಮೂರು ದಿನದಿಂದ ಖಾಲಿ ಮಾಡುತ್ತಿದ್ದೇವೆ. ಎರಡು ಟ್ರಾಲಿ ಬೂದಿಯ ಜಾಗದಲ್ಲಿ ಈಗ ಏನೂ ಇಲ್ಲ. ಅದರ ಮೇಲೆ ನೆಲಕ್ಕೆ ಹಾಸಿದ ಫರಸಿ ಕಲ್ಲು, ಫರಸಿಯ ಮೇಲೆ ಹೊರಸು, ಹೊರಸಿನ ಮೇಲೆ ಅತ್ತೆ.

ನಾನು ಬಾಗಿಲಲ್ಲಿಯೇ ನಿಂತು ಕರೆದೆ. "ಅತ್ತೀ, ಏಳ್ರಿ. ಪಡಸಾಲ್ಯಾಗ ಕೂಡ್ರೂಣು."

"ನಲವತ್ತ ವರ್ಸಾತು ಇಲ್ಲೇ ಮಲಗಾಕತ್ತೀನಿ. ನಿಮ್ಮ ನೀರಿನ ಸಲುವಾಗಿ ನನ್ನ ಎಬ್ಬಸ್ತೀರೇನ?"

"ನೀವ ಹೇಳಿದ್ದ ಖರೇನ ಐತ್ರಿ. ಬುಡಕ ಸುರವಾಕತ್ತೈತಿ."

ಅವರು ನನ್ನ ಮುಖ ನೋಡಿದರು. ನಗುತ್ತೇನೋ ಎಂದು ಕಾದಿರಬೇಕು. ನಾನು ನಗಲಿಲ್ಲ. ಕೋಲೂರಿ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಬಂದರು. ನಡುವಿನ ಫರಸಿಯ ಮೇಲೆ ಕೋಲು ತಾಗಿದಾಗ ಬಂದ ಸಪ್ಪಳ ಖಾಲಿ ಕೊಡದ್ದು. ಕೈ ಚಾಚಿ ಹೊರಗೆ ಎಳೆದುಕೊಂಡೆ. ಹೊರಸನ್ನು ಯಜಮಾನರು ಹೊಸ್ತಿಲ ಆಚೆಯಿಂದಲೇ ಹಗ್ಗ ಹಾಕಿ ಎಳೆದರು.

ಮಧ್ಯಾಹ್ನ ಎಮ್ಮೆಗಳಿಗೆ ನೀರು ಕುಡಿಸುತ್ತಿದ್ದೆ. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಉದ್ದನೆಯ ನಿಟ್ಟುಸಿರಿನಂಥದ್ದು ಕೇಳಿತು, ಎಮ್ಮೆಗಳೆರಡೂ ಒಮ್ಮೆಲೇ ಬಕೆಟ್ಟಿನಿಂದ ಮೂತಿ ಎತ್ತಿದವು. ಹೋಗಿ ನೋಡಿದರೆ ಖೋಲಿಯ ನಡುವಿನ ಮೂರು ಫರಸಿ ಇರಲಿಲ್ಲ. ಅಲ್ಲಿ ದುಂಡನೆಯ ಕಪ್ಪು ಬಾಯಿ, ಯಾರೋ ಅಳತೆ ಹಿಡಿದು ಕೊರೆದಂತೆ. ಅವಸರದಲ್ಲಿ ಮರೆತಿದ್ದ ಅತ್ತೆಯವರ ತಂಬಾಕಿನ ಡಬ್ಬಿ ಅದರೊಳಗೆ ಹೋಗಿತ್ತು. ತೆಗೆದು ಕೊಡುತ್ತೇನೆಂದು ಒಬ್ಬ ಆಳು ಬಗ್ಗಿದ. ಗೌಂಡಿ ಅವನ ಕೊರಳಪಟ್ಟಿ ಹಿಡಿದೆಳೆದ. "ಲೇ, ಹಗೇವಿನ ಗಾಳಿ ಕುಡದವ ಮ್ಯಾಲ ಬರೂದಿಲ್ಲ." ಲಾಟೀನು ಕಟ್ಟಿ ಇಳಿಸಿದರು. ಐದಾರು ಅಡಿಯಲ್ಲಿ ದೀಪ ಕೆಂಪಾಯಿತು, ಸಣ್ಣದಾಯಿತು, ಇಲ್ಲವಾಯಿತು.

ಹೊರಗೆ ಒಯ್ದ ಮಣ್ಣನ್ನೇ ನಾಳೆಯಿಂದ ಮರಳಿ ತಂದು ಎರಡೂ ಗುಂಡಿ ತುಂಬಿ ದಮ್ಮಸು ಹೊಡೆದು ಗಟ್ಟಿ ಮಾಡುವುದು, ಸಂಪನ್ನು ದನದ ಕೊಟ್ಟಿಗೆಯ ಆಚೆ ಬಯಲಲ್ಲಿ ಅಗೆಯುವುದು ಎಂದಾಯಿತು. ಅಳತೆ ಅದೇ. ಗೌಂಡಿ ಹೋಗುವಾಗ, "ವೈನಿ, ಈ ಸಲ ಗೆರಿ ನೀವ ಹಾಕ್ರಿ" ಎಂದ. ನಗಿಸಲು ಹೇಳಿದ್ದಲ್ಲ.

ಸಂಜೆ ಬಿಸಿ ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ, ಹಸಿ ಉಳ್ಳಾಗಡ್ಡಿ. ರೊಟ್ಟಿಯ ಹಿಟ್ಟಿಗೆ ಕೈ ಹಾಕುವಾಗ ಒಂದು ಕ್ಷಣ ತಡೆದೆ, ಅದೇ ನುಣುಪು. ಅತ್ತೆ ಒಂದೂವರೆ ರೊಟ್ಟಿ ತಿಂದರು, ತಂಬಾಕು ಕೇಳಲಿಲ್ಲ. ಪಡಸಾಲೆಯಲ್ಲಿ ಹಾಸಿದ ಕೌದಿಯ ಮೇಲೆ ಕೂತು ಅಂಗೈಯಿಂದ ನೆಲ ತಟ್ಟಿ ನೋಡಿದರು, ಇನ್ನೊಂದು ಕಡೆ ತಟ್ಟಿದರು, ಗಟ್ಟಿಯಿದೆ ಎಂದರು. ನಾವು ಇನ್ನೂ ತಾಟು ಎತ್ತಿರಲಿಲ್ಲ, ಎಲ್ಲರಿಗಿಂತ ಮೊದಲು ಅವರು ಮಲಗಿಬಿಟ್ಟರು.